ಸ್ಟೈಪೆಂಡು ಮತ್ತು ಮೆಂಟರ್: ಒಂದು ಗಂಟೆಯ ಲೆಕ್ಕ

ಕೇಳುಗರೆ, ನಮಸ್ಕಾರ.

ಇಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಚರ್ಚೆ ನಡೆಯುತ್ತಿರುತ್ತದೆ. ಒಂದು ಕಂಪನಿ ಇಂಟರ್ನ್‌ಶಿಪ್‌ಗೆ ಸ್ಟೈಪೆಂಡು ಕೊಡುತ್ತದೆ, ಕೆಲಸ ಸಾಧಾರಣ. ಇನ್ನೊಂದು ಕಡೆ ಕಾಸಿಲ್ಲ, ಆದರೆ ಕಲಿಸುವವರು ಗಟ್ಟಿಗರು ಎನ್ನುತ್ತಾರೆ. ಯಾವುದಕ್ಕೆ ಹೂಂ ಅನ್ನುವುದು?

ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಒಬ್ಬ ಹುಡುಗಿ ಅಂತ ಇಟ್ಟುಕೊಳ್ಳಿ. ಎರಡೂ ಅವಕಾಶ ಬೆಂಗಳೂರಿನಲ್ಲೇ, ಎರಡೂ ಆರು ತಿಂಗಳು. ಮೊದಲನೆಯದು ದೊಡ್ಡ ಕಂಪನಿ. ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಎರಡನೆಯದು ಹತ್ತು ಹನ್ನೆರಡು ಜನ ಸೇರಿ ಸರ್ಕ್ಯೂಟ್ ಬೋರ್ಡ್ ಮಾಡುವ ಪುಟ್ಟ ಸಂಸ್ಥೆ. ಸ್ಟೈಪೆಂಡು ಸೊನ್ನೆ. ಆದರೆ ಅಲ್ಲಿನ ಹಿರಿಯ ಇಂಜಿನಿಯರ್ ಮೆಂಟರ್ ಆಗಿ ವಾರಕ್ಕೆ ಎರಡು ಗಂಟೆ ಪಕ್ಕದಲ್ಲಿ ಕೂತು ಕೆಲಸ ನೋಡುತ್ತಾರಂತೆ.

ಮೊದಲು ಖರ್ಚು. ಊಟ ಸೇರಿ ಪಿ.ಜಿ.ಗೆ 9,000, ಬಸ್ಸು ಮೆಟ್ರೊಗೆ 1,500, ಫೋನು ಸೋಪು ಇತ್ಯಾದಿಗೆ ಇನ್ನೊಂದು 1,500 ಎಂದುಕೊಳ್ಳೋಣ. ಒಟ್ಟು ತಿಂಗಳಿಗೆ 12,000. ಪಿ.ಜಿ.ಯ ಅಡ್ವಾನ್ಸ್ ಬೇರೆ. ಸಂಬಳವಿಲ್ಲದ ಕಡೆ ಹೋದರೆ ಆರು ತಿಂಗಳಿಗೆ ಮನೆಯಿಂದ 72,000 ಹೊರಡಬೇಕು. ಸ್ಟೈಪೆಂಡು ಇದ್ದ ಕಡೆ ತಿಂಗಳಿಗೆ 3,000 ಉಳಿಯುತ್ತದೆ ಅನ್ನಿಸುತ್ತದೆ. ಅಲ್ಲೂ ಒಂದು ಕೊಕ್ಕೆಯಿದೆ. ಕೆಲವು ಕಂಪನಿಗಳು ಸ್ಟೈಪೆಂಡನ್ನು ವೃತ್ತಿ ಶುಲ್ಕ ಎಂದು ತೋರಿಸಿ ಶೇಕಡಾ 10 ತೆರಿಗೆ ಮುರಿದುಕೊಳ್ಳುತ್ತವೆ. ಆಗ ಕೈಗೆ ಬರುವುದು 13,500. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಆ ದುಡ್ಡು ವಾಪಸ್ ಪಡೆಯಬಹುದು. ಆದರೆ ಅದು ಬರುವ ಹೊತ್ತಿಗೆ ಇಂಟರ್ನ್‌ಶಿಪ್ಪೇ ಮುಗಿದಿರುತ್ತದೆ.

72,000 ಎಲ್ಲಿಂದ ಬರುತ್ತದೆ ಎನ್ನುವುದು ಇನ್ನೂ ಮುಖ್ಯ. ಅಪ್ಪನ ಉಳಿತಾಯದಿಂದ ಬಂದರೆ ಒಂದು ಮಾತು. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಿಂಗಳು ತಿಂಗಳು 12,000 ಸಾಲ ಎತ್ತಿದರೆ ಆರು ತಿಂಗಳಲ್ಲಿ ಬಡ್ಡಿಯೇ 5,040 ಆಗುತ್ತದೆ. ಆಮೇಲೆ ಅಸಲು ತೀರುವವರೆಗೆ ತಿಂಗಳಿಗೆ 1,440. ಕೈಸಾಲ ಮಾಡಿಯೇ ಹೋಗಬೇಕಾದ ಮನೆಯಲ್ಲಿ ಈ ಚರ್ಚೆ ಇಲ್ಲಿಗೇ ನಿಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ. ಸ್ಟೈಪೆಂಡು ಇರುವ ಕಡೆ ಹೋಗಲಿ.

ಸಾಲವಿಲ್ಲದೆ ನಿಭಾಯಿಸಬಹುದಾದವರಿಗೆ ಮುಂದಿನ ಲೆಕ್ಕ. ಇಲ್ಲಿ ಬಿಟ್ಟುಕೊಡುತ್ತಿರುವುದು ಆರು ತಿಂಗಳ ಸ್ಟೈಪೆಂಡು, 90,000. ಆ ದುಡ್ಡಿಗೆ ಕೊಳ್ಳುತ್ತಿರುವುದು ಮೆಂಟರ್ ಸಮಯ. ರಜೆ ಕಳೆದು 24 ವಾರ, ವಾರಕ್ಕೆ ಎರಡು ಗಂಟೆ, ಅಂದರೆ 48 ಗಂಟೆ. ದೊಡ್ಡ ಕಂಪನಿಯಲ್ಲೂ ಟೀಮ್ ಲೀಡ್ ವಾರಕ್ಕೆ ಅರ್ಧ ಗಂಟೆ ಕೊಟ್ಟಾರು, ಅದು 12 ಗಂಟೆ. ಹೆಚ್ಚಿಗೆ ಸಿಗುವುದು 36. 90,000ವನ್ನು 36ರಿಂದ ಭಾಗಿಸಿದರೆ ಗಂಟೆಗೆ 2,500 ರೂಪಾಯಿ. ಒಳ್ಳೆಯ ಇಂಜಿನಿಯರ್ ಜೊತೆಗಿನ ಒಂದು ಗಂಟೆಗೆ ಇದು ದುಬಾರಿಯೆ?

ಆ ಒಂದು ಗಂಟೆಯಲ್ಲಿ ಏನು ನಡೆಯುತ್ತದೆ ಅಂತ ನೋಡೋಣ. ಹುಡುಗಿ ಒಂದು ಬೋರ್ಡ್ ಮಾಡಿದ್ದಾಳೆ. ಮೋಟಾರ್ ಆನ್ ಆದಾಗಲೆಲ್ಲ ಬೋರ್ಡನ್ನು ನಡೆಸುವ ಚಿಪ್ಪು, ಅಂದರೆ ಮೈಕ್ರೊಕಂಟ್ರೋಲರ್, ರೀಸೆಟ್ ಆಗುತ್ತಿದೆ. ತಪ್ಪು ಕೋಡ್‌ನಲ್ಲಿದೆ ಎಂದು ಅವಳು ನಾಲ್ಕು ದಿನದಿಂದ ಪ್ರೋಗ್ರಾಂ ತಿದ್ದುತ್ತಿದ್ದಾಳೆ. ಹಿರಿಯರು ಕೋಡ್ ತೆರೆಯುವುದೇ ಇಲ್ಲ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ಚಿಪ್ಪಿನ ಸಪ್ಲೈ ಪಿನ್‌ಗೆ ಇಟ್ಟು ಮೋಟಾರ್ ಹಾಕು ಅನ್ನುತ್ತಾರೆ. 3.3 ವೋಲ್ಟಿನ ಗೆರೆ ಒಂದು ಕ್ಷಣ 2.5ರ ಹತ್ತಿರಕ್ಕೆ ಕುಸಿದು ಮೇಲೇಳುತ್ತದೆ. ಮೋಟಾರಿಗೂ ಚಿಪ್ಪಿಗೂ ಕರೆಂಟು ಒಂದೇ ಸಣ್ಣ ತಾಮ್ರದ ಗೆರೆಯಲ್ಲಿ ಬರುತ್ತಿದೆ. ಮೋಟಾರ್ ಶುರುವಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಚಿಪ್ಪಿಗೆ ಸಾಲದೆ ಬರುತ್ತದೆ. ಎರಡಕ್ಕೂ ಬೇರೆ ಬೇರೆ ದಾರಿ ಎಳೆಯಬೇಕು, ಒಮ್ಮೆಲೇ ಬೇಕಾಗುವ ಕರೆಂಟನ್ನು ಕೂಡಿಟ್ಟು ಕೊಡಲು ಮೋಟಾರ್ ಡ್ರೈವರಿನ ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಡಬೇಕು. ತಪ್ಪು ಹುಡುಕಲು ಹಿಡಿದದ್ದು ಹತ್ತು ನಿಮಿಷ. ಮುಂದೆ ಯಾವ ಬೋರ್ಡ್ ಕೆಟ್ಟರೂ ಅವಳು ಮೊದಲು ಸಪ್ಲೈ ಅಳೆಯುತ್ತಾಳೆ. ಆ 2,500 ರೂಪಾಯಿ ಹೋಗುವುದು ಇಂಥದಕ್ಕೆ.

ಆದರೆ ಈ ಲೆಕ್ಕ ನಿಂತಿರುವುದು ವಾರಕ್ಕೆ ಎರಡು ಗಂಟೆ ಎಂಬ ಮಾತಿನ ಮೇಲೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸಿಕ್ಕರೆ 24 ವಾರಕ್ಕೆ 12 ಗಂಟೆ, ದೊಡ್ಡ ಕಂಪನಿಯಲ್ಲಿ ಸಿಗುವಷ್ಟೇ. ಅಲ್ಲಿಗೆ 90,000 ನೀರಿನಲ್ಲಿ ಹೋಮ. ಹೀಗಾಗುವುದು ಅಪರೂಪವಲ್ಲ, ಅದರ ಹಿಂದೆ ಕೆಟ್ಟ ಮನಸ್ಸೂ ಇರಬೇಕಾಗಿಲ್ಲ. ಚಿಕ್ಕ ಸಂಸ್ಥೆಯಲ್ಲಿ ಆ ಹಿರಿಯರೇ ಗ್ರಾಹಕರ ಬಳಿಯೂ ಓಡಬೇಕು, ಡೆಲಿವರಿ ತಿಂಗಳು ಬಂದರೆ ರಾತ್ರಿಯೂ ಕೂರಬೇಕು. ದುಡ್ಡು ಪಡೆಯದ ಹುಡುಗಿ ಸುಮ್ಮನೆ ಕೂತಿದ್ದರೆ ಯಾರಿಗೂ ನಷ್ಟವಿಲ್ಲ. ಸ್ಟೈಪೆಂಡು ಕೊಡುವ ಕಡೆ ಇವಳಿಗೆ ಏನು ಕೆಲಸ ಕೊಟ್ಟಿದ್ದೀರಿ ಎಂದು ಕೇಳುವವರೊಬ್ಬರಾದರೂ ಇರುತ್ತಾರೆ. ಸ್ಟೈಪೆಂಡಿನ ಈ ಗುಣವನ್ನು ಮರೆಯಬಾರದು.

ಹಾಗಾಗಿ ಒಪ್ಪುವ ಮೊದಲು ಅಲ್ಲಿ ಈ ಹಿಂದೆ ಇಂಟರ್ನ್ ಆಗಿದ್ದ ಒಬ್ಬರ ಜೊತೆ ಮಾತಾಡಲೇಬೇಕು. ನಂಬರ್ ಕೊಡಿ ಎಂದು ಸಂಸ್ಥೆಯನ್ನೇ ಕೇಳಬಹುದು. ಕೊಡಲು ಮೀನಮೇಷ ಎಣಿಸಿದರೆ ಅದೂ ಒಂದು ಉತ್ತರವೇ. ಫೋನಿನಲ್ಲಿ ಸರ್ ಹೇಗೆ, ಒಳ್ಳೆಯವರಾ ಎಂದು ಕೇಳಬೇಡಿ, ಎಲ್ಲರೂ ಒಳ್ಳೆಯವರೇ ಅನ್ನುತ್ತಾರೆ. ನೀವು ಮಾಡಿದ ಕೆಲಸವನ್ನು ಕೊನೆಯ ಸಲ ನೋಡಿ ತಪ್ಪು ತೋರಿಸಿದ್ದು ಯಾರು, ಯಾವ ತಪ್ಪು ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಮೆಂಟರ್ ಇದ್ದಾರೆ. ಬೆಳಿಗ್ಗೆಯ ಹದಿನೈದು ನಿಮಿಷದ ಮೀಟಿಂಗನ್ನು ಈ ಗಂಟೆಗಳಲ್ಲಿ ಸೇರಿಸಬಾರದು. ಒಬ್ಬ ಹಿರಿಯರ ಕೈಕೆಳಗೆ ಎಷ್ಟು ಇಂಟರ್ನ್‌ಗಳು ಎಂಬುದನ್ನೂ ಕೇಳಿ. ಅದೇ ಎರಡು ಗಂಟೆ ಆರು ಜನಕ್ಕೆ ಹಂಚಿದರೆ ಇವಳ ಪಾಲು ಇಪ್ಪತ್ತು ನಿಮಿಷ.

ಇಂಟರ್ನ್‌ಶಿಪ್ ಹೆಸರಿನಲ್ಲಿ ನಿಮ್ಮಿಂದಲೇ ಟ್ರೈನಿಂಗ್ ಫೀ ಕೇಳಿದರೆ ಅದು ಕೋರ್ಸ್, ಇಂಟರ್ನ್‌ಶಿಪ್ ಅಲ್ಲ. ಮೂಲ ಮಾರ್ಕ್ಸ್ ಕಾರ್ಡನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ.

ಚೌಕಾಸಿಗೂ ಜಾಗವಿದೆ. ಸಂಬಳ ಕೊಡಲಾಗದು ಎನ್ನುವ ಪುಟ್ಟ ಸಂಸ್ಥೆಯನ್ನು ಊಟ, ಓಡಾಟದ ಖರ್ಚಿಗೆ ತಿಂಗಳಿಗೆ 5,000 ಕೇಳಿ ನೋಡಬಹುದು. ಒಪ್ಪಿದರೆ ಬಿಟ್ಟುಕೊಡುವ ಮೊತ್ತ 60,000ಕ್ಕೆ ಇಳಿಯುತ್ತದೆ. ಗಂಟೆಯ ಬೆಲೆ 2,500ರಿಂದ ಸುಮಾರು 1,670ಕ್ಕೆ ಬರುತ್ತದೆ. ಆಫರ್ ಪತ್ರದಲ್ಲಿ ಮೆಂಟರ್ ಹೆಸರು, ವಾರದ ಗಂಟೆ, ಮಾಡಿದ ಕೆಲಸವನ್ನು ಕಾಲೇಜಿನ ರಿಪೋರ್ಟಿನಲ್ಲಿ ಎಷ್ಟರಮಟ್ಟಿಗೆ ತೋರಿಸಬಹುದು ಎಂಬುದು, ಮೂರೂ ಬರಲಿ. ಕೊನೆಯದು ಬಿಟ್ಟುಹೋದರೆ ಎಲ್ಲ ಗೌಪ್ಯ ಎಂದು ಹೇಳಿಬಿಟ್ಟಾರು, ವೈವಾದಲ್ಲಿ ತೋರಿಸಲು ಒಂದು ಫೋಟೋ ಕೂಡ ಇರುವುದಿಲ್ಲ.

ಸೇರಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೆಂಟರ್ ಕೂತ ಸಮಯವನ್ನು ತಾರೀಖಿನೊಂದಿಗೆ ಬರೆದಿಡಲಿ. ನಾಲ್ಕು ವಾರಕ್ಕೆ ಎಂಟು ಗಂಟೆ ಆಗಬೇಕಿತ್ತು. ನಾಲ್ಕೂ ಆಗಿಲ್ಲ ಎಂದರೆ ಆ ಪುಟವನ್ನೇ ಮುಂದಿಟ್ಟು, ಸರ್, ಗುರುವಾರ ಸಂಜೆ ನನಗೆ ಒಂದು ಗಂಟೆ ನಿಗದಿ ಮಾಡ್ತೀರಾ ಎಂದು ಕೇಳಬಹುದು. ಆರನೇ ವಾರಕ್ಕೂ ಹಾಗೇ ಇದ್ದರೆ ಕಾಲೇಜಿನ ಗೈಡ್ ಬಳಿ ಹೋಗಿ, ಮಧ್ಯದಲ್ಲಿ ಕಂಪನಿ ಬದಲಿಸಿದರೆ ಈ ಆರು ವಾರ ಲೆಕ್ಕಕ್ಕೆ ಬರುತ್ತದೆಯೇ ಎಂದು ವಿಚಾರಿಸಲಿ. ಅದು ತಿಳಿಯುವವರೆಗೆ ರಾಜೀನಾಮೆಯ ಈಮೇಲ್ ಕಳಿಸುವುದು ಬೇಡ.

ನಮಸ್ಕಾರ.