ತಿದ್ದುವುದು ಬೇರೆ, ಅಳಿಸುವುದು ಬೇರೆ

ಕೇಳುಗರಿಗೆಲ್ಲ ನಮಸ್ಕಾರ.

ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದ್ದೀರಿ. ಆಮೇಲೆ ನೋಡಿದರೆ ಅದರಲ್ಲಿ ಏನೋ ತಪ್ಪಿದೆ. ಎಡಿಟ್ ಮಾಡುತ್ತೀರಿ. ಆಗ ಹಳೆಯ ಬರಹ ಎಲ್ಲಿಗೆ ಹೋಯಿತು? ಅಷ್ಟರಲ್ಲಿ ಬಿದ್ದ ಲೈಕು, ಕಾಮೆಂಟುಗಳ ಗತಿ ಏನು? ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ತಿದ್ದುವುದು ಬೇರೆ, ಅಳಿಸುವುದು ಬೇರೆ. ಇದನ್ನೇ ಇನ್ನೂ ಎರಡು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತಿದ್ದುವುದು ಹೇಗೆ ಅಂತ ನೋಡೋಣ. ನಿಮ್ಮ ಪೋಸ್ಟಿನ ಮೇಲ್ಗಡೆ ಮೂಲೆಯಲ್ಲಿ ಮೂರು ಚುಕ್ಕಿ ಇರುತ್ತವೆ. ಅದನ್ನು ಒತ್ತಿದರೆ ‘ಎಡಿಟ್ ಪೋಸ್ಟ್’ ಅಂತ ಬರುತ್ತದೆ. ಬೇಕಾದ್ದನ್ನು ಬದಲಾಯಿಸಿ ಸೇವ್ ಮಾಡಿದರೆ ಮುಗಿಯಿತು. ನಾಳೆ ಬೇಕಾದರೂ ಮಾಡಬಹುದು, ಮುಂದಿನ ವರ್ಷವೂ ಮಾಡಬಹುದು. ಪೋಸ್ಟಿನ ತಾರೀಖು ಮೊದಲ ಸಲ ಹಾಕಿದ ದಿನದ್ದೇ ಉಳಿಯುತ್ತದೆ.

ಈಗ ಅದೇ ಮೂರು ಚುಕ್ಕಿಯನ್ನು ಇನ್ನೊಂದು ಸಲ ಒತ್ತಿ. ‘ವ್ಯೂ ಎಡಿಟ್ ಹಿಸ್ಟರಿ’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ನೀವು ಮೊದಲು ಏನು ಬರೆದಿದ್ದಿರಿ, ಯಾವಾಗ ಏನನ್ನು ಬದಲಾಯಿಸಿದಿರಿ ಎಲ್ಲವೂ ಸಾಲಾಗಿ ಕೂತಿರುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಳೇ ಅಂಕಿಗೆ ಗೀಟು ಹೊಡೆದು ಪಕ್ಕದಲ್ಲಿ ಹೊಸದು ಬರೆಯುತ್ತಾರಲ್ಲ, ಹಾಗೆ. ಇದನ್ನು ನೀವೊಬ್ಬರೇ ಅಲ್ಲ, ಆ ಪೋಸ್ಟ್ ಯಾರಿಗೆಲ್ಲ ಕಾಣುತ್ತದೋ ಅವರೆಲ್ಲ ತೆರೆದು ನೋಡಬಹುದು. ಅದರಲ್ಲಿ ಒಂದು ಸಾಲನ್ನು ಮಾತ್ರ ಕಿತ್ತುಹಾಕಲು ದಾರಿಯಿಲ್ಲ.

ಇದು ಗೊತ್ತಿಲ್ಲದೆ ಜನ ಏನು ಮಾಡುತ್ತಾರೆ? ಮನೆ ಬಾಡಿಗೆಗಿದೆ ಅಂತ ಪೋಸ್ಟ್ ಹಾಕಿ ಕೆಳಗೆ ಮಗಳ ಫೋನ್ ನಂಬರ್ ಕೊಡುತ್ತಾರೆ. ಬೇಡದ ಕರೆಗಳು ಜಾಸ್ತಿ ಆದಾಗ ಎಡಿಟ್ ಮಾಡಿ ನಂಬರ್ ತೆಗೆಯುತ್ತಾರೆ. ‘ತೆಗೆದೆನಲ್ಲ, ಇನ್ನೇನು’ ಅಂತ ಸುಮ್ನೆ ಇರುತ್ತಾರೆ. ಸ್ವಾಮಿ, ನಂಬರ್ ಹಿಸ್ಟರಿಯಲ್ಲೇ ಇದೆ! ಫೋನ್ ನಂಬರ್, ಬ್ಯಾಂಕ್ ಖಾತೆ, ಮನೆ ವಿಳಾಸ, ಇಂಥದ್ದು ಪೋಸ್ಟಿನಲ್ಲಿ ಸೇರಿದರೆ ಎಡಿಟ್ ಮಾಡಿ ಪ್ರಯೋಜನವಿಲ್ಲ. ಪೋಸ್ಟನ್ನೇ ಡಿಲೀಟ್ ಮಾಡಿ, ಹೊಸದಾಗಿ ಹಾಕಿ. ಡಿಲೀಟ್ ಮಾಡಿದರೆ ಲೈಕು, ಕಾಮೆಂಟು ಎಲ್ಲ ಜೊತೆಗೇ ಹೋಗುತ್ತವೆ, ನಿಜ. ಹೋಗಲಿ ಬಿಡಿ. ಐವತ್ತು ಲೈಕಿನ ಆಸೆಗೆ ನಂಬರ್ ಬೀದಿಗೆ ಬೀಳುವುದು ಬೇಡ. ತಿದ್ದುವುದು ಬೇರೆ, ಅಳಿಸುವುದು ಬೇರೆ.

ಇನ್ನು ಲೈಕು, ಕಾಮೆಂಟಿನ ವಿಷಯ. ಎಡಿಟ್ ಮಾಡಿದಾಗ ಅವು ಎಲ್ಲಿದ್ದವೋ ಅಲ್ಲೇ ಇರುತ್ತವೆ. ಇದಕ್ಕೆ ನಮ್ಮ ಕಡೆಯ ಒಂದು ತಾಳಮದ್ದಲೆ ಸಂಘದ ಕಥೆ ಹೇಳಲೇಬೇಕು. ಹೆಸರು ಬೇಡ, ಎಲ್ಲರೂ ನನ್ನ ಸ್ನೇಹಿತರೇ.

ಸಂಘದ ಕಾರ್ಯದರ್ಶಿಗಳು ಒಂದು ಸೋಮವಾರ ಪೋಸ್ಟ್ ಹಾಕಿದರು. ‘ಬರುವ ಭಾನುವಾರ ಸಂಜೆ 4ಕ್ಕೆ ತಾಳಮದ್ದಲೆ, ಎಲ್ಲರೂ ಬನ್ನಿ.’ ಲೈಕುಗಳು ಬಿದ್ದವು. ಕೆಳಗೆ ಕಾಮೆಂಟುಗಳು ಬಂದವು. ‘ಭಾನುವಾರ ಖಂಡಿತ ಬರ್ತೇವೆ ಭಟ್ರೇ’, ‘ಭಾನುವಾರ ರಜೆ, ಮನೆಯವರೂ ಬರ್ತಾರೆ’, ಹೀಗೆ. ಗುರುವಾರ ಗೊತ್ತಾಯಿತು, ಆ ಭಾನುವಾರ ಸಭಾಭವನದಲ್ಲಿ ಮದುವೆ. ಕಾರ್ಯಕ್ರಮ ಶನಿವಾರಕ್ಕೆ ಬಂತು. ಕಾರ್ಯದರ್ಶಿಗಳು ರಾತ್ರಿ ಊಟ ಮಾಡಿ ಫೋನ್ ತೆಗೆದು, ‘ಭಾನುವಾರ’ವನ್ನು ‘ಶನಿವಾರ’ ಮಾಡಿ ಸೇವ್ ಒತ್ತಿ ಮಲಗಿದರು. ಊರಿಗೆಲ್ಲ ತಿಳಿಸಿದ ಹಾಗಾಯಿತು ಅಂತ ಅವರ ಲೆಕ್ಕ.

ಆದರೆ ತಿಳಿದದ್ದು ಯಾರಿಗೆ? ಮೊದಲೇ ಲೈಕ್ ಒತ್ತಿದವರಿಗೆ, ಕಾಮೆಂಟ್ ಬರೆದವರಿಗೆ ‘ದಿನ ಬದಲಾಗಿದೆ’ ಅಂತ ಫೋನ್ ಏನೂ ಹೇಳಲಿಲ್ಲ. ಅವರು ಓದಿದ್ದು ಭಾನುವಾರ, ಮನಸ್ಸಿನಲ್ಲಿ ಇದ್ದದ್ದೂ ಭಾನುವಾರ. ಶುಕ್ರವಾರ ಹೊಸದಾಗಿ ನೋಡಿದವರಿಗೆ ಇನ್ನೊಂದು ಫಜೀತಿ. ಮೇಲೆ ಶನಿವಾರ ಅಂತಿದೆ, ಕೆಳಗೆ ಹತ್ತು ಜನ ಭಾನುವಾರ ಬರ್ತೇವೆ ಅಂತಿದ್ದಾರೆ. ಯಾವುದನ್ನು ನಂಬಬೇಕು? ಶೇರ್ ಬಟನ್ ಒತ್ತಿ ಹಂಚಿಕೊಂಡವರ ಗೋಡೆಯಲ್ಲಿ ಶನಿವಾರ ಅಂತ ತಾನಾಗಿಯೇ ಬದಲಾಗಿತ್ತು. ಶೇರ್ ಅಂದರೆ ಮೂಲ ಪೋಸ್ಟನ್ನೇ ತೋರಿಸುವುದು, ಅದಕ್ಕೆ. ಆದರೆ ಒಬ್ಬ ಉತ್ಸಾಹಿ ಮಾಸ್ತರರು ಆ ಬರಹವನ್ನು ಕಾಪಿ ಮಾಡಿ ಮೂರು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅಲ್ಲಿ ಭಾನುವಾರ ಹಾಗೇ ಇತ್ತು. ಕಾಪಿ ಆದದ್ದಕ್ಕೂ ಸ್ಕ್ರೀನ್‌ಶಾಟ್ ಆದದ್ದಕ್ಕೂ ನಿಮ್ಮ ಎಡಿಟ್ ಮುಟ್ಟುವುದಿಲ್ಲ.

ಶನಿವಾರ ಅರ್ಧ ಸಭೆ ಖಾಲಿ. ಅರ್ಥಧಾರಿಗಳು ಖಾಲಿ ಕುರ್ಚಿಗಳಿಗೇ ಅರ್ಥ ಹೇಳಿದರು. ಭಾನುವಾರ ಜನ ಬಂದರು, ನೋಡಿದರೆ ಮದುವೆ! ಒಬ್ಬರು ಹಿರಿಯರಂತೂ ಊಟದ ಪಂಕ್ತಿಯವರೆಗೂ ಹೋಗಿ ವಾಪಸ್ ಬಂದರು. ಅವರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಕಾರ್ಯದರ್ಶಿಗಳ ಮನೆಗೇ ಹೋದರು. ‘ಭಾನುವಾರ ಅಂತ ಬರೆದದ್ದು ನೀವೇ ಅಲ್ವಾ?’ ಇವರು ಫೋನ್ ತೋರಿಸಿದರು. ‘ನೋಡಿ ರಾಯರೇ, ಶನಿವಾರ ಅಂತಲೇ ಇದೆ. ನಿಮಗೆ ಕಣ್ಣು ತಪ್ಪಿರಬೇಕು.’ ಹಿರಿಯರ ಜೊತೆ ಮೊಮ್ಮಗಳು ಬಂದಿದ್ದಳು. ಮಾತಾಡದೆ ಮೂರು ಚುಕ್ಕಿ ಒತ್ತಿ ಹಿಸ್ಟರಿ ತೆರೆದಳು. ಸೋಮವಾರದ್ದು ಭಾನುವಾರ, ಗುರುವಾರ ರಾತ್ರಿಯದ್ದು ಶನಿವಾರ, ಎರಡೂ ಹೊತ್ತಿನ ಸಮೇತ. ಕಾರ್ಯದರ್ಶಿಗಳು ಒಳಗೆ ತಿರುಗಿ ‘ಕಾಫಿ ತಗೊಂಡ್ಬಾರೇ’ ಅಂದರು.

ಅವರು ಏನು ಮಾಡಬೇಕಿತ್ತು ಅಂತ ಕೇಳಿ. ಹಳೆಯ ಸಾಲನ್ನು ಮುಟ್ಟದೆ, ಎಡಿಟ್ ಮಾಡಿ ಅದರ ಮೇಲ್ಗಡೆ ‘ದಿನ ಬದಲಾಗಿದೆ: ಭಾನುವಾರ ಅಲ್ಲ, ಶನಿವಾರ’ ಅಂತ ಸೇರಿಸಬೇಕಿತ್ತು. ಆಗ ಕೆಳಗಿನ ಕಾಮೆಂಟುಗಳಿಗೂ ಅರ್ಥ ಇರುತ್ತಿತ್ತು. ಆಮೇಲೆ ಹೊಸದಾಗಿ ಇನ್ನೊಂದು ಪೋಸ್ಟ್ ಹಾಕಬೇಕಿತ್ತು. ‘ಬರ್ತೇವೆ’ ಅಂದವರ ಕಾಮೆಂಟಿಗೆ ಒಂದೊಂದು ಉತ್ತರ ಬರೆಯಬೇಕಿತ್ತು. ಉತ್ತರ ಬರೆದರೆ ಅವರ ಫೋನಿಗೆ ಸೂಚನೆ ಹೋಗುತ್ತದೆ. ಅಕ್ಷರ ತಪ್ಪಿದ್ದರೆ ಸುಮ್ನೆ ತಿದ್ದಿ, ಯಾರಿಗೂ ಹೇಳಬೇಕಿಲ್ಲ. ದಿನ, ಹೊತ್ತು, ಜಾಗ, ದುಡ್ಡು ಬದಲಾದರೆ ಬದಲಾಗಿದೆ ಅಂತ ಬರೆದು ತಿದ್ದಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಲೈಕ್ ಒತ್ತಿದವರ ಕಡೆಯಿಂದಲೂ ಒಂದು ಸಲ ನೋಡಿ. ‘ನಮ್ಮ ಬೀದಿಗೆ ನೀರು ಬಂತು’ ಅನ್ನುವುದಕ್ಕೆ ಲೈಕ್ ಒತ್ತಿರುತ್ತೀರಿ. ಪೋಸ್ಟ್ ಹಾಕಿದವರು ಅದನ್ನೇ ಎಡಿಟ್ ಮಾಡಿ ‘ಇಂಥವರಿಗೇ ಮತ ಹಾಕಿ’ ಅಂತ ಮಾಡಬಹುದು. ನಿಮ್ಮ ಲೈಕ್ ಅದರ ಕೆಳಗೇ ಕೂತಿರುತ್ತದೆ. ಇದನ್ನು ಮೊದಲು ಒಪ್ಪಿದ್ದೆನೇ ಅಂತ ಅನುಮಾನ ಬಂದರೆ ಹಿಸ್ಟರಿ ನೋಡಿ, ಬೇಡವಾದರೆ ಲೈಕ್ ವಾಪಸ್ ತೆಗೆಯಿರಿ.

ಬೇರೆ ಕಡೆ ಹಿಸ್ಟರಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಇನ್‌ಸ್ಟಾಗ್ರಾಂನಲ್ಲಿ ಫೋಟೊ ಕೆಳಗಿನ ಬರಹವನ್ನು ತಿದ್ದಬಹುದು, ಹಳೆಯದು ಓದುವವರಿಗೆ ಕಾಣಿಸುವುದಿಲ್ಲ. ವಾಟ್ಸಾಪ್‌ನಲ್ಲಿ 2023ರಿಂದ ಸಂದೇಶ ತಿದ್ದಬಹುದು, ಆದರೆ ಕಳಿಸಿದ 15 ನಿಮಿಷದ ಒಳಗೆ ಮಾತ್ರ. ಪಕ್ಕದಲ್ಲಿ ‘ಎಡಿಟೆಡ್’ ಅಂತ ಬರುತ್ತದೆ. ಮೊದಲು ಏನಿತ್ತು ಅಂತ ತೋರಿಸುವುದಿಲ್ಲ. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಹಳೆಯದಾಗಿಯೇ ತಿರುಗುತ್ತಿರುತ್ತದೆ. ಅಲ್ಲೂ ಅಷ್ಟೇ, ತಿದ್ದುವುದು ಬೇರೆ, ಅಳಿಸುವುದು ಬೇರೆ.

ಯೂಟ್ಯೂಬ್ ನೋಡುವವರಿಗೆ ಒಂದು ಮಾತು. ನೀವು ಬರೆದ ಕಾಮೆಂಟಿಗೆ ಚಾನೆಲ್‌ನವರು ಕೆಂಪು ಹೃದಯ ಕೊಟ್ಟಿದ್ದರೆ, ಆ ಕಾಮೆಂಟನ್ನು ತಿದ್ದಿದ ಕೂಡಲೇ ಹೃದಯ ಹೋಗುತ್ತದೆ. ನನ್ನನ್ನು ಕೇಳಿದರೆ ಇದೇ ನ್ಯಾಯ, ಫೇಸ್‌ಬುಕ್‌ನವರೂ ಲೈಕಿಗೆ ಹೀಗೇ ಮಾಡಬೇಕಿತ್ತು. ನಮಸ್ಕಾರ.