ಬೀದರ್ ಟ್ರಿಪ್ ಕ್ಲಿಪ್‌ಗಳು: ಎಡಿಟ್‌ಗೆ ಮುಂಚೆ ಕಾಗದದ ಮೇಲೆ

ಎಲ್ಲರಿಗೂ ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣ್ತಾ ಇರೋದು ನಮ್ಮ ಬೀದರ್ ಟ್ರಿಪ್‌ನ ಫೋಲ್ಡರ್. ನನ್ನ ಫೋನಿನ ಕ್ಲಿಪ್, ತಮ್ಮನ ಆಕ್ಷನ್ ಕ್ಯಾಮೆರಾದ ಕ್ಲಿಪ್, ಅತ್ತಿಗೆ ಫೋನ್ ನೆಟ್ಟಗೆ ಹಿಡಿದು ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ, ಎಲ್ಲಾ ಒಂದರ ಮೇಲೊಂದು ಬಿದ್ದಿವೆ. ಇದರಿಂದ ಮೂರು ನಿಮಿಷದ ವಿಡಿಯೋ ಆಗಬೇಕು. ಎಡಿಟಿಂಗ್ ಆ್ಯಪ್ ಇನ್ನೂ ತೆರೆದಿಲ್ಲ. ಮೊದಲು ನೋಟ್‌ಬುಕ್‌ನಲ್ಲಿ ಒಂದೊಂದು ಶಾಟ್ ಬರೆದುಕೊಳ್ಳುತ್ತೇನೆ.

ಮೊದಲ ಕೆಲಸ, ಯಾವುದು ಯಾವಾಗ ತೆಗೆದದ್ದು ಅಂತ ತಿಳಿಯೋದು. ಫೋನಿನ ಫೈಲ್ ಹೆಸರು `VID_20250112_074105.mp4` ಅಂತ ಇದ್ದರೆ ಅದರಲ್ಲೇ ತಾರೀಖು, ಗಂಟೆ, ನಿಮಿಷ ಎಲ್ಲಾ ಇದೆ. ಆದರೆ `VID-20250114-WA0009.mp4` ಅಂತ ಇರೋದು ವಾಟ್ಸಾಪ್‌ದು. ಆ ತಾರೀಖು ವಿಡಿಯೋ ನನ್ನ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ವಾಟ್ಸಾಪ್ ಅದನ್ನು ಕುಗ್ಗಿಸಿಯೂ ಇರುತ್ತೆ. ಅದಕ್ಕೇ ಅತ್ತಿಗೆಗೆ, "ಬೇಕಾದವನ್ನ ಡಾಕ್ಯುಮೆಂಟ್ ಅಂತ ಆರಿಸಿ ಮತ್ತೊಮ್ಮೆ ಕಳಸ್ರಿ" ಅಂದೆ. ಕೆಲವು ಅವರ ಫೋನಿನಿಂದ ಅಳಿಸಿಹೋಗಿದ್ದವು, ಅವು ಇದ್ದ ಹಾಗೇ ಸಾಕು. ಆಕ್ಷನ್ ಕ್ಯಾಮೆರಾದ ಗಡಿಯಾರ ಮುಂದೆ ಓಡ್ತಿತ್ತು. ಗುರುದ್ವಾರದಲ್ಲಿ ಒಬ್ಬ ಅಜ್ಜ ಬಾಟಲಿಗೆ ನೀರು ತುಂಬೋದು ನನ್ನ ಫೋನಿನಲ್ಲೂ ಇದೆ, ತಮ್ಮನ ಕ್ಯಾಮೆರಾದಲ್ಲೂ ಇದೆ. ಎರಡರ ಸಮಯ ನೋಡಿದರೆ 47 ನಿಮಿಷ ವ್ಯತ್ಯಾಸ. ಅವನ ಎಲ್ಲಾ ಕ್ಲಿಪ್‌ನಿಂದ 47 ನಿಮಿಷ ಕಳೆದೆ, ಸಾಲು ಸರಿಹೋಯ್ತು.

ಎರಡನೇದು ಪಟ್ಟಿ. ಕ್ಲಿಪ್‌ಗೆ ಒಂದೇ ಸಾಲು. "ಕೋಟೆ, ಚೆನ್ನಾಗಿದೆ" ಅಂತ ಬರೆದರೆ ನಾಳೆ ಅದರಿಂದ ಏನೂ ಗೊತ್ತಾಗಲ್ಲ. ಫ್ರೇಮಿನಲ್ಲಿ ಏನು ಚಲಿಸುತ್ತೆ, ಯಾವ ಕಡೆಯಿಂದ ಯಾವ ಕಡೆಗೆ, ಶಬ್ದ ಹೇಗಿದೆ, ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಉಪಯೋಗಕ್ಕೆ ಬರುತ್ತೆ, ಇಷ್ಟು ಬೇಕು. ಇಪ್ಪತ್ತು ಸೆಕೆಂಡಿನ ಕ್ಲಿಪ್‌ನಲ್ಲಿ ಕೆಲಸಕ್ಕೆ ಬರೋದು ಮೂರ್ನಾಲ್ಕು ಸೆಕೆಂಡು, ಅದೂ ಸಾಮಾನ್ಯವಾಗಿ ನಡುವೆ, ಯಾಕಂದ್ರೆ ಶುರುವಿನಲ್ಲಿ ಕೈ ಅಲುಗುತ್ತೆ, ಕೊನೆಯಲ್ಲಿ ಫೋನ್ ಕೆಳಗೆ ಇಳಿಯುತ್ತೆ. ಚಿತ್ರ ಕೆಟ್ಟಿದ್ದರೂ ಶಬ್ದ ಚೆನ್ನಾಗಿದ್ದರೆ ಅದನ್ನೂ ಬರೆಯಿರಿ. ಮುಂದೆ ಅದೇ ನನ್ನನ್ನು ಕಾಪಾಡಿತು.

ತಮ್ಮ ಪಟ್ಟಿ ನೋಡಿದ. "ಅಕ್ಕಾ, ಕೋಟೆನೇ ಮೊದಲ ಬರಬೇಕಲ್ಲ, ಅಲ್ಲೇ ಮೊದಲ ಹೋಗಿದ್ವಿ" ಅಂದ. ಹೋದ ಕ್ರಮದಲ್ಲೇ ಜೋಡಿಸಿದರೆ ಕೋಟೆ, ಮಹಮೂದ್ ಗವಾನ್ ಮದರಸಾ, ಊಟ, ಅಷ್ಟೂರಿನ ಗೋರಿಗಳು, ಗುರುದ್ವಾರ, ಝರಣಿ ನರಸಿಂಹ ಅಂತ ಸಾಲು ಬರುತ್ತೆ. ನೋಡುವವರಿಗೆ ಅದು ಲಿಸ್ಟ್ ಓದಿದ ಹಾಗೆ, ಒಂದಾದ ಮೇಲೆ ಇನ್ನೊಂದು ಯಾಕೆ ಬಂತು ಅಂತ ಕಾರಣವೇ ಇರಲ್ಲ. ನಾನು ಪಟ್ಟಿ ಓದುವಾಗ ಒಂದು ಪದ ಮತ್ತೆ ಮತ್ತೆ ಸಿಕ್ಕಿತು, ನೀರು. ಕೋಟೆಯ ಸುತ್ತ ಬಂಡೆ ಕೊರೆದು ಮಾಡಿದ ಕಂದಕ. ನಾನಕ್ ಝೀರಾ ಗುರುದ್ವಾರದಲ್ಲಿ ಬಂಡೆಯಿಂದ ಬರುವ ಸೆಲೆ. ಝರಣಿ ನರಸಿಂಹನ ಗುಹೆ ತುಂಬಾ ನೀರು. ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್, ಅಂದ್ರೆ ನೆಲದಡಿಯ ನೀರಿನ ಸುರಂಗ. ಬೀದರ್ ನಿಂತಿರೋದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರಲ್ಲಿ ತೂತು ಜಾಸ್ತಿ, ಮಳೆ ನೀರು ಇಳಿಯುತ್ತೆ. ಕೆಳಗಿನ ಗಟ್ಟಿ ಕಪ್ಪು ಕಲ್ಲು ಅದನ್ನು ಸುಲಭವಾಗಿ ಒಳಗೆ ಬಿಡಲ್ಲ, ಹಾಗಾಗಿ ನೀರು ಪಕ್ಕಕ್ಕೆ ಹರಿದು ಸೆಲೆಯಾಗಿ ಹೊರಗೆ ಬರುತ್ತೆ. ಬೇರೆ ಬೇರೆ ಜಾಗದ ಕ್ಲಿಪ್‌ಗಳನ್ನು ಕಟ್ಟೋಕೆ ಇಷ್ಟು ದಾರ ಸಾಕಲ್ವಾ? ಕ್ರಮ ಹೀಗೆ ಬರೆದೆ: ಒಣ ಕಂದಕ, ಕೆಂಪು ಕಲ್ಲು, ನೌಬಾದ್, ಗುರುದ್ವಾರ, ಕೊನೆಗೆ ಗುಹೆ.

ಗುಹೆ ಭಾಗದ ಪ್ಲಾನ್ ಪೂರ್ತಿ ಹೇಳ್ತೀನಿ, ಯಾಕಂದ್ರೆ ಕಷ್ಟ ಅಲ್ಲೇ ಇತ್ತು. ಒಳಗೆ ಎದೆಮಟ್ಟ ನೀರು, ಸುಮಾರು 300 ಮೀಟರ್ ನಡೀಬೇಕು. ಫೋನ್, ಕ್ಯಾಮೆರಾ ಎರಡೂ ಹೊರಗೇ ಇಟ್ಟು ಹೋಗಿದ್ವಿ. ಅಂದ್ರೆ ಕಥೆಯ ಮುಖ್ಯ ಜಾಗದ ಚಿತ್ರವೇ ಇಲ್ಲ.

14ನೇ ಶಾಟ್, ಕೆಂಪು ಕಲ್ಲಿನಿಂದ ನೀರು ತೊಟ್ಟಿಕ್ಕೋದು, ಹತ್ತಿರದಿಂದ, 3 ಸೆಕೆಂಡು. 15, ಜನ ಮೆಟ್ಟಿಲಿಳಿಯೋದು, ಬೆನ್ನು ಮಾತ್ರ, ಬಲದಿಂದ ಎಡಕ್ಕೆ, 4 ಸೆಕೆಂಡು. 16, ಗುಹೆಯ ಬಾಯಿ, ಕತ್ತಲೊಳಗೆ ಜನ ಮರೆಯಾಗೋದು, 3 ಸೆಕೆಂಡು. ಇದರ ಕೊನೆಯ ಒಂದು ಸೆಕೆಂಡಿನಿಂದಲೇ ಮುಂದಿನ ಶಾಟ್‌ನ ಶಬ್ದ ಶುರು. 17, ಪರದೆ ಕಪ್ಪು, 5 ಸೆಕೆಂಡು. ಶಬ್ದ ಬರೋದು ಗುಹೆ ಬಾಯಲ್ಲಿ ಅತ್ತಿಗೆ ನೆಲ ನೋಡ್ಕೊಂಡು ತೆಗೆದ ಕ್ಲಿಪ್‌ನಿಂದ. ಅದರಲ್ಲಿ ಕಾಣೋದು ಚಪ್ಪಲಿ ಮಾತ್ರ, ಆದರೆ ನೀರು ಸೀಳುವ ಸದ್ದು, ಜನರ ಕೂಗು, ಅದರ ಪ್ರತಿಧ್ವನಿ ಎಲ್ಲಾ ಸ್ಪಷ್ಟ. ಪರದೆ ಸುಮ್ನೆ ಕಪ್ಪಾದರೆ ವಿಡಿಯೋ ನಿಂತಿತು ಅಂತ ಜನ ಮುಂದಕ್ಕೆ ಓಡಿಸ್ತಾರೆ, ಅದಕ್ಕೆ ನಡುವೆ ಬಿಳಿ ಅಕ್ಷರದಲ್ಲಿ "ಒಳಗೆ ಎದೆಮಟ್ಟ ನೀರು" ಅಂತ ಹಾಕಬೇಕು. ಇಲ್ಲಿ ನನ್ನ ಧ್ವನಿ ಬೇಡ.

18ನೇದು ಹೊರಗೆ ಬರುವವರ ಒದ್ದೆ ಮುಖಗಳು, 6 ಸೆಕೆಂಡು. ಮೂರೂ ಫೋನ್ ನೆಟ್ಟಗೆ ಹಿಡಿದು ತೆಗೆದ ವಾಟ್ಸಾಪ್ ಕ್ಲಿಪ್. ಒಂದನ್ನೇ ಅಡ್ಡ ಫ್ರೇಮ್ ತುಂಬಾ ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ಮೂರರಲ್ಲಿ ಎರಡು ಪಾಲಿನಷ್ಟು ಕತ್ತರಿಸಿಹೋಗುತ್ತೆ, ಉಳಿದದ್ದೂ ಮಸುಕು. ಮೂರನ್ನೂ ಅಕ್ಕಪಕ್ಕ ಇಟ್ಟರೆ? ಫ್ರೇಮ್ ಅಗಲ 1920, ಒಂದಕ್ಕೆ 640. ಆ ಅಗಲಕ್ಕೆ ಕ್ಲಿಪ್‌ನ ಎತ್ತರ 1138 ಆಗುತ್ತೆ, ಫ್ರೇಮ್ 1080, ಅಂದ್ರೆ ಸ್ವಲ್ಪ ಅಂಚು ಮಾತ್ರ ಹೋಗುತ್ತೆ. ಚಿಕ್ಕದಾಗಿ ತೋರಿಸೋದರಿಂದ ವಾಟ್ಸಾಪ್ ಕುಗ್ಗಿಸಿದ್ದೂ ಅಷ್ಟಾಗಿ ಕಣ್ಣಿಗೆ ಬೀಳಲ್ಲ. 19, ಒಬ್ಬ ಹುಡುಗ ಅಂಗಿ ಹಿಂಡೋದು, 3 ಸೆಕೆಂಡು. 20, ಬಿಸಿ ಕಲ್ಲಿನ ಮೇಲೆ ಒದ್ದೆ ಹೆಜ್ಜೆ, ಎಡದಿಂದ ಬಲಕ್ಕೆ, 4 ಸೆಕೆಂಡು. ಹೋಗುವಾಗ ಎಡಕ್ಕೆ ಹೋದರು, ಬರುವಾಗ ಬಲಕ್ಕೆ ಬರಬೇಕು. ಎರಡೂ ಒಂದೇ ಕಡೆಗಿದ್ದರೆ ಜನ ವಾಪಸ್ ಬಂದರು ಅಂತ ಅನ್ನಿಸೋದೇ ಇಲ್ಲ.

ಕೂಡಿದರೆ 28 ಸೆಕೆಂಡು. ಮೂರು ನಿಮಿಷದಲ್ಲಿ ಕೊನೆಯ ಭಾಗಕ್ಕೆ ಅರ್ಧ ನಿಮಿಷ, ಸರಿಯಾಗಿದೆ. ಹೀಗೆ ಪ್ರತಿ ಭಾಗವನ್ನೂ ಕೂಡಿ ನೋಡಿದಾಗ ಕೋಟೆಯೇ ಒಂದೂವರೆ ನಿಮಿಷ ನುಂಗಿದ್ದು ಕಾಗದದ ಮೇಲೇ ಗೊತ್ತಾಯ್ತು. ರಂಗೀನ್ ಮಹಲಿನ ಶಾಟ್‌ಗಳನ್ನು ತೆಗೆದೆ. ನಿರೂಪಣೆಯ ಸಾಲನ್ನೂ ಶಾಟ್ ಪಕ್ಕದಲ್ಲೇ ಬರೆಯಿರಿ, ಬಾಯಿಬಿಟ್ಟು ಓದಿ, ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಮನಸ್ಸಿನಲ್ಲೇ ಓದಿದರೆ ಬೇಗ ಮುಗಿಯುತ್ತೆ, ರೆಕಾರ್ಡ್ ಮಾಡುವಾಗ ಶಾಟ್‌ಗಿಂತ ಮಾತು ಉದ್ದ ಆಗುತ್ತೆ.

ನೌಬಾದ್‌ದು ಒಂದೇ ಕ್ಲಿಪ್ ಇದೆ, ಅದೂ ಅಲುಗಾಡಿದೆ. ಅಲ್ಲಿಗೆ ಎರಡು ಫೋಟೋ ಬರೆದಿದ್ದೇನೆ, ಹಿಂದೆ ನೀರಿನ ಸದ್ದು ಹಾಕದೆ, ಯಾಕಂದ್ರೆ ನಾವು ನಿಂತಿದ್ದ ಕಡೆ ನೀರಿನ ಸದ್ದು ಕೇಳಿರಲಿಲ್ಲ.

ಬಿದರಿ ಕೆಲಸದ ಕ್ಲಿಪ್‌ಗಳು ತುಂಬಾ ಚೆನ್ನಾಗಿವೆ. ಬೆಳ್ಳಿ ತಂತಿ ಕೂರಿಸೋದು, ಕೋಟೆ ಮಣ್ಣಿನ ದ್ರಾವಣದಲ್ಲಿ ಪಾತ್ರೆ ಕಪ್ಪಾಗೋದು, ಎಲ್ಲಾ ಇದೆ. ಈ ವಿಡಿಯೋದಲ್ಲಿ ಅವಕ್ಕೆ ಜಾಗ ಇಲ್ಲ. "ಹೆಂಗ್ ಬಿಡ್ತಿ ಅಕ್ಕಾ, ಇದೇ ಚಂದ ಬಂದದ" ಅಂತ ತಮ್ಮ ಇವತ್ತೂ ಕೇಳ್ದ. ಅವನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅದರ ಪಟ್ಟಿ ಬರೆಯೋ ಕೆಲಸ ಅವನಿಗೇ ಕೊಟ್ಟಿದ್ದೇನೆ.