ಅಮ್ಮ ಕನಸಿನಲ್ಲಿ ಮರಾಠಿ ಮಾತಾಡಿದಳು

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಮಾತಾಡ್ತಿದ್ದೇನೆ. ಹೋದ ತಿಂಗಳು ಬೆಳಗಿನ ಜಾವ ಒಂದು ಕನಸು ಬಿತ್ತು. ತೀರ್ಥಹಳ್ಳಿಯ ಅಡುಗೆಮನೆ, ಒಲೆಯ ಮುಂದೆ ಅಮ್ಮ. ತಿರುಗಿ ನೋಡಿ, 'ಜೇವ್ಲೀಸ್ ಕಾ?' ಅಂದಳು. ಊಟ ಆಯ್ತಾ ಅಂತ, ಮರಾಠಿಯಲ್ಲಿ! ಅಮ್ಮ ತೀರಿಕೊಂಡು ಆರು ವರ್ಷ ಆಯ್ತು. ಬದುಕಿದ್ದಾಗ ಒಂದು ಮರಾಠಿ ಪದವೂ ಬರ್ತಿರಲಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. 'ಅಲ್ಲಿಯವಳೇ ಆಗಿಬಿಟ್ಟೆ ಬಿಡೇ' ಅಂದಳು. ಕನಸಿನ ಭಾಷೆ ಅಂದರೆ ಮನಸ್ಸು ಯಾರ ಕಡೆಗಿದೆ ಅನ್ನೋದಕ್ಕೆ ಸಾಕ್ಷಿ ಅಂತ ಎಷ್ಟೋ ಜನ ನಂಬುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಆಜಿ ಇದ್ದಾರೆ. ನಾನು ಸಂಜೆ ಲೋಕಲ್‌ನಲ್ಲಿ ನುಗ್ಗಾಡಿ ಬಂದು ಮೆಟ್ಟಿಲು ಹತ್ತುವಾಗ ಬಾಗಿಲಲ್ಲೇ ಕೂತಿರುತ್ತಾರೆ. ದಿನಾ ಒಂದೇ ಪ್ರಶ್ನೆ: 'ಜೇವ್ಲೀಸ್ ಕಾ?' ಕನಸಿನ ಮಾತು ಅಲ್ಲಿಂದಲೇ ಬಂದಿದ್ದು, ದನಿಯ ಏರಿಳಿತದ ಸಮೇತ. ಕನಸಿನಲ್ಲಿ ಕೇಳುವ ಮಾತು ಹೊಸದಾಗಿ ಹುಟ್ಟೋದಿಲ್ಲ, ಎಚ್ಚರದಲ್ಲಿ ಕೇಳಿದ್ದೋ ಆಡಿದ್ದೋ ತುಂಡು ತುಂಡಾಗಿ ಬರುತ್ತದೆ ಅಂತ ಮನೋವಿಶ್ಲೇಷಕ ಫ್ರಾಯ್ಡ್ 1900ರಲ್ಲೇ ಬರೆದಿದ್ದ. ಅವನ ಉಳಿದ ಮಾತೆಲ್ಲ ಬೇಡ, ಇದೊಂದು ನನ್ನ ಮಟ್ಟಿಗೆ ನಿಜ. ಊಟ ಆಯ್ತಾ ಅಂತ ಈಗ ನನ್ನನ್ನು ದಿನಾ ಕೇಳೋರು ಅವರೊಬ್ಬರೇ. ಅದಕ್ಕೇ ಅಮ್ಮ ಅವರ ಮಾತನ್ನು ಸಾಲ ತಗೊಂಡಳು.

ಕೆನಡಾದಲ್ಲಿ ಜೋಸೆಫ್ ಡಿ ಕೊನಿಂಕ್ ಅನ್ನುವ ಸಂಶೋಧಕರು ಆರು ವಾರ ಫ್ರೆಂಚ್ ಕಲಿತ, ಇಂಗ್ಲಿಷ್ ಮನೆಮಾತಿನ ವಿದ್ಯಾರ್ಥಿಗಳ ನಿದ್ದೆಯನ್ನು ಗಮನಿಸಿದ್ದರು. ಬೇಗ ಕಲಿತವರ ಕನಸಿನಲ್ಲಿ ಫ್ರೆಂಚ್ ಬೇಗ ಬಂತು. ಆದರೆ ಅವರು ನೋಡಿದ್ದು ಕೆಲವೇ ಜನರನ್ನು. ಮತ್ತೆ, ಬೇಗ ಕಲಿತವರು ಹಗಲಲ್ಲೂ ಜಾಸ್ತಿ ಫ್ರೆಂಚ್ ಆಡಿರಬಹುದು, ಅಲ್ವಾ? ಕನಸು ಕಲಿಸಿತೋ, ಕಲಿತದ್ದು ಕನಸಾಯಿತೋ, ಇಷ್ಟರಿಂದ ಹೇಳೋಕೆ ಆಗಲ್ಲ.

ಇನ್ನೊಂದು ತೊಡಕಿದೆ. ಎಷ್ಟೋ ಕನಸಿನಲ್ಲಿ ಮಾತು ಕಿವಿಗೆ ಬೀಳೋದೇ ಇಲ್ಲ, ಅರ್ಥ ಮಾತ್ರ ತಿಳಿಯುತ್ತದೆ. ಎದ್ದಮೇಲೆ ನಾವು ಯಾವ ಭಾಷೆಯಲ್ಲಿ ಹೇಳ್ತೇವೋ ಕನಸೂ ಅದೇ ಭಾಷೆಯಲ್ಲಿತ್ತು ಅನ್ನಿಸಿಬಿಡುತ್ತದೆ. ಅದಕ್ಕೇ ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಣ್ಣು ಬಿಟ್ಟ ಕೂಡಲೇ, ಕಥೆಗಿಂತ ಮೊದಲು, ಕಿವಿಗೆ ಬಿದ್ದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ಹಲ್ಲುಜ್ಜಿ ಬಂದು ಬರೆದರೆ ಅದು ಆಗಲೇ ಅನುವಾದ.

ಇಲ್ಲಿವರೆಗೆ ಒಂಬತ್ತು ಕನಸು ಬರೆದಿದ್ದೇನೆ. ಐದರಲ್ಲಿ ಭಾಷೆಯೇ ಇಲ್ಲ. 'ಅಣ್ಣ ಬೈದ' ಅಂತಿದೆ, ಏನಂತ ಬೈದ ಅನ್ನೋದು ಗೊತ್ತಿಲ್ಲ. ಮೂರರಲ್ಲಿ ಕನ್ನಡ. ಉಳಿದ ಒಂದು ಮೊನ್ನೆಯದು. ನಮ್ಮೂರ ಶಾಲೆ, ಲೆಕ್ಕದ ಮೇಷ್ಟ್ರು ಮಗ್ಗಿ ಕೇಳುತ್ತಾ ಬೆಂಚುಗಳ ನಡುವೆ ಬಂದರು. ನನ್ನ ಹತ್ತಿರ ನಿಂತು, ಥೇಟ್ ನಮ್ಮ ಬಸ್ ಕಂಡಕ್ಟರ್ ಥರ, ಮುಂದೆ ನಡೀರಿ ಅಂತ ಮರಾಠಿಯಲ್ಲಿ ಕೂಗಿದರು: 'ಪುಢೇ ಚಲಾ, ಪುಢೇ ಚಲಾ!'